ಒಬ್ಬರ ಮನೆಲಿ 165, ಇನ್ನೊಬ್ಬರ ಮನೆಲಿ 262: ಇದು ಲೋಡಿನ ತಪ್ಪಲ್ಲ

ಈ ಸಲ ಅಡುಗೆ ವಿಷಯ ಬರೀತ್ನಿಲ್ಲೆ. ಅಡುಗೆಮನೆಲಿ ಸತ್ತು ನಿಂತ ಫ್ರಿಜ್ಜಿನ ವಿಷಯ ಬರೀತಿ, ಅದಕ್ಕಿಂತ ಹೆಚ್ಚಾಗಿ ಅದರ ಬಗ್ಗೆ ಕರೆಂಟಾಫೀಸಿಗೆ ಕೊಟ್ಟ ಪತ್ರದ ವಿಷಯ. ಆಫೀಸಿನ ಹೆಸರು ಇಲ್ಲಿ ಹೇಳ್ತ್ನಿಲ್ಲೆ. ಯಂಗ್ಳ ಜಗಳ ಒಂದು ಆಫೀಸಿನ ಸಂತಿಗೆ ಅಲ್ಲ, ಒಂದು ಉತ್ತರದ ಸಂತಿಗೆ. ಆ ಉತ್ತರ ನಿಂಗನೂ ಕೇಳಿರ್ತಿ: “ಲೋಡ್ ಜಾಸ್ತಿ ಆಗಿದೆ ಅಮ್ಮಾ, ಸ್ಟೆಬಿಲೈಜರ್ ಹಾಕ್ಕೊಳ್ಳಿ.”

ಈ ಒಂದು ಮಾತಲ್ಲಿ ಎರಡು ತಪ್ಪು ಇದ್ದು. ಒಂದು, ತಪ್ಪನ್ನ ನಮ್ಮ ತಲೆಗೇ ಕಟ್ಟದು: ನಿಂಗನೇ ಜಾಸ್ತಿ ಉರಿಸ್ತಿ, ಅದಕ್ಕೇ ಹಾಳಾತು ಹೇಳಿ. ಇನ್ನೊಂದು, ಅದರ ಖರ್ಚನ್ನೂ ನಮ್ಮ ಕೈಯಿಂದಲೇ ಕೀಳದು. ಯಂಗ್ಳ ಮನೆಲಿ ಆದದ್ದು ಲೋಡಿಂದ ಅಲ್ಲವೇ ಅಲ್ಲ ಹೇಳಿ ತೋರಿಸಲೆ ಎಂತ ಬೇಕಾತು, ಅದನ್ನ ಬಿಡಿಸಿ ಹೇಳ್ತಿ. ನಿಂಗ್ಳ ಮನೆಲಿ ಹಿಂಗಾದ್ರೆ ನಿಂಗ್ಳಿಗೂ ಬೇಕಾಗ್ತು.

ಫೆಬ್ರವರಿ ಕಡೆಯಿಂದ ಸಂಜೆ ಆತು ಹೇಳಿರೆ ನಮ್ಮನೆ ಬಲ್ಬು ಕೆಂಪಗಾಗಲೆ ಶುರುವಾತು. ಮಿಕ್ಸಿ ತಿರುಗದು ಹೋಗಿ ನರಳ್ತಿತ್ತು. ಫ್ರಿಜ್ಜಿನ ಹಿಂದೆ ಒಂದು ಶಬ್ದ: ‘ಟಕ್’, ಆಮೇಲೆ ನಾಲ್ಕೈದು ಸೆಕೆಂಡು ‘ಗುಂಯ್’, ಮತ್ತೆ ‘ಟಕ್’. ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಅದೇ. ಹಾಲು ಹುಳಿ ಬಪ್ಪಲೆ ಹತ್ತಿತು. ಹಾಲಿನದ್ದು ಹೋಗ್ಲಿ, ಹುಳಿ ಬಂದ್ರೆ ಮಜ್ಜಿಗೆ ಆಗ್ತು. ಅತ್ತೆಯ ಇನ್ಸುಲಿನ್ನು ಹಂಗಲ್ಲ. ಒಡೆಯದ ಬಾಟ್ಲಿನ 2ರಿಂದ 8 ಡಿಗ್ರಿ ಒಳಗೇ ಇಡವು ಹೇಳಿ ಅದರ ಮೇಲೇ ಬರದ್ದು. ಏಪ್ರಿಲ್‌ನ ಸೆಕೆಲಿ ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಗಡಿಗೆಲಿ ಇಟ್ಟು ಎಷ್ಟು ದಿನ ಕಾಯಲೆ ಆಗ್ತು?

ಕಡೆಗೊಂದು ದಿನ ‘ಟಕ್’ ಹೇಳದೂ ನಿಂತತ್ತು. ರಿಪೇರಿ ಮಾಡೋ ಹುಡುಗ ಬಂದ. ಕಂಪ್ರೆಸರಿನ ಮೂರು ಪಿನ್ನಿಗೆ ಮೀಟರ್ ಹಿಡಿದು ನೋಡಿ, “ಅಕ್ಕಾ, ಒಳಗಿನ ವೈಂಡಿಂಗು ಸುಟ್ಟಿದೆ. ಗ್ಯಾಸ್ ಸರಿ ಇದೆ, ಬೇರೆ ಯಾವುದೂ ಹೋಗಿಲ್ಲ. ಇದು ಕಡಿಮೆ ವೋಲ್ಟೇಜಿನ ಕೆಲಸ,” ಹೇಳ್ದ. “ಈಗ ಹೇಳಿದ್ದನ್ನೇ ಬರೆದು ಸಹಿ ಹಾಕಿ ಕೊಡು,” ಹೇಳ್ದಿ. ಈ ಒಂದು ಚೀಟಿ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಹೇಳಿ ಆಮೇಲೆ ಹೇಳ್ತಿ.

ಕಡಿಮೆ ಕರೆಂಟು ಬಂದ್ರೆ ಬಲ್ಬು ಮಂಕಾಗ್ತು ಅಷ್ಟೆ, ಸುಡ್ತಿಲ್ಲೆ. ಹಂಗಾರೆ ಫ್ರಿಜ್ಜು ಎಂತಕ್ಕೆ ಸುಡ್ತು? ಕಂಪ್ರೆಸರ್ ಒಳಗೆ ಇಪ್ಪದು ಮೋಟರು. ನಿಂತ ಮೋಟರನ್ನ ತಿರುಗಿಸಲೆ ಬೇಕಾದ ಬಲ ವೋಲ್ಟೇಜು ಇಳಿದಷ್ಟೇ ಇಳೀತಿಲ್ಲೆ, ಅದಕ್ಕಿಂತ ಜೋರಾಗಿ ಇಳೀತು. 230 ಇಪ್ಪಲ್ಲಿ 165 ಬಂದ್ರೆ ಆ ಬಲ ಹತ್ತಿರ ಹತ್ತಿರ ಅರ್ಧ ಆಗಿಬಿಡ್ತು. ಮೋಟರು ತಿರುಗಲೆ ಆಗದೆ ನಿಂತಲ್ಲೇ ಒದ್ದಾಡ್ತು. ತಿರುಗದ ಮೋಟರು ತಿರುಗೋ ಮೋಟರಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟು ಎಳೀತು, ಬಿಸಿಯಾಗ್ತು. ಬಿಸಿ ಹೆಚ್ಚಾದಾಗ ಒಂದು ಸಣ್ಣ ಓವರ್‌ಲೋಡು ಅದನ್ನ ಕಡಿದು ಹಾಕ್ತು, ಅದೇ ‘ಟಕ್’. ಆರಿದ ಮೇಲೆ ಮತ್ತೆ ಪ್ರಯತ್ನ. ಸಂಜೆಗೆ ಇಪ್ಪತ್ತು ಸಲ, ಹಿಂಗೇ ವಾರಗಟ್ಟಲೆ ಆದ್ರೆ ತಂತಿ ಮೇಲಿನ ಪದರ ಕರಗಿ ಹೋಗ್ತು. ಅಷ್ಟರಲ್ಲಿ ಎಂಸಿಬಿ ಬೀಳಲ್ವ ಹೇಳಿ ಕೇಳಿದ್ರೆ, ಅದು ನೋಡದು ಮನೆಯ ಕರೆಂಟು ಎಷ್ಟು ಹರೀತು ಹೇಳದನ್ನ. ವೋಲ್ಟೇಜು ಎಷ್ಟು ಬಂತು ಹೇಳದು ಅದಕ್ಕೆ ಕಾಣ್ತಿಲ್ಲೆ.

ಫ್ರಿಜ್ಜು ಹಾಳಾದಾಗಲೇ ಇನ್ನೊಂದು ಸುದ್ದಿ ಬಂತು. ಅದೇ ಲೈನಿನ ಕೊನೆಲಿ ಇಪ್ಪ ಇನ್ನೊಂದು ಮನೆಲಿ ಒಂದೇ ವಾರದಲ್ಲಿ ಎರಡು ಎಲ್‌ಇಡಿ ಬಲ್ಬು, ಟಿವಿಯ ಸೆಟ್‌ಟಾಪ್ ಬಾಕ್ಸು ಸುಟ್ಟಿತ್ತು. ಅವರ ಮನೆಲಿ ಮಂಕಲ್ಲ, ಬಲ್ಬು ಕಣ್ಣಿಗೆ ಹೊಡೆಯೋ ಹಂಗೆ ಉರೀತಿತ್ತಡ. ಯಂಗೆ ಇದೊಂದು ವಿಚಿತ್ರ ಕಂಡತ್ತು. ಒಂದೇ ಟಿಸಿ, ಒಂದೇ ಲೈನು. ಯಂಗ್ಳಿಗೆ ಕಡಿಮೆ, ಅವರಿಗೆ ಹೆಚ್ಚು?

ಪೇಟೆಗೆ ಹೋದಾಗ ಪ್ಲಗ್ಗಿಗೆ ಸಿಗಿಸಿರೆ ವೋಲ್ಟೇಜು ಅಂಕೆಲಿ ತೋರ್ಸೋ ಸಣ್ಣ ಮೀಟರು ತಂದ್ಯ. ದೊಡ್ಡ ಬೆಲೆ ಇಲ್ಲೆ, ಕೆಲವು ನೂರು ರೂಪಾಯಿ. ಅಂಥದ್ದೇ ಮೂರು ತಂದು ಒಂದು ಯಂಗ್ಳ ಮನೆಲಿ, ಒಂದು ಆ ಬಲ್ಬು ಸುಟ್ಟವರ ಮನೆಲಿ, ಇನ್ನೊಂದು ಟಿಸಿ ಬುಡದಲ್ಲೇ ಇಪ್ಪ ಮನೆಲಿ ಹಾಕ್ದ್ಯ. ದಿನಾ ಮಧ್ಯಾಹ್ನ 2 ಗಂಟೆ, ಸಂಜೆ 7 ಗಂಟೆ, ರಾತ್ರಿ 10 ಗಂಟೆಗೆ ಫೋನ್ ಮಾಡಿ ಮೂರೂ ಮನೆಯ ಅಂಕೆನ ಕ್ಯಾಲೆಂಡರ್ ಹಿಂದೆ ಬರದಿ. ಒಂದೇ ಹೊತ್ತಿಗೆ ಬರೆಯದು ಮುಖ್ಯ. ಬೇರೆ ಬೇರೆ ಹೊತ್ತಿನ ಅಂಕೆಗೆ ಬೆಲೆ ಇಲ್ಲೆ.

ಹತ್ತು ದಿನದ ಬರಹದಲ್ಲಿ ಕಂಡಿದ್ದು ಇಷ್ಟು. ಮಧ್ಯಾಹ್ನ ಮೂರೂ ಮನೆಲಿ 220–230ರ ಸುತ್ತ. ಸಂಜೆ 7ಕ್ಕೆ ಟಿಸಿ ಬುಡದ ಮನೆಲಿ 226, ಯಂಗ್ಳ ಮನೆಲಿ 165, ಅವರ ಮನೆಲಿ 262. ರಾತ್ರಿ 10ಕ್ಕೆ ಮತ್ತೆ ಹತ್ತಿರ ಹತ್ತಿರ ಸರಿ. ದಿನಾ ಒಂದೇ ಅಂಕೆ ಬಂಜಿಲ್ಲೆ, ಆದ್ರೆ ಒಬ್ಬರದ್ದು ಇಳಿಯದು, ಇನ್ನೊಬ್ಬರದ್ದು ಏರದು ದಿನಾ ಹಂಗೇ.

ಈಗ ‘ಲೋಡು ಜಾಸ್ತಿ’ ಹೇಳೋ ಉತ್ತರನ ಈ ಅಂಕೆ ಪಕ್ಕ ಇಟ್ಟು ನೋಡಿ. ಟಿಸಿಗೇ ತಡೆಯದಷ್ಟು ಲೋಡು ಬಿದ್ರೆ ಬುಡದ ಮನೆಲೂ ಇಳಿಯವು, ಅಲ್ಲಿ 226 ಇದ್ದು. ತಂತಿ ಉದ್ದ, ಸಪೂರ ಹೇಳಾದ್ರೆ ಕೊನೆಯ ಮನೆ ಎಲ್ಲಾ ಇಳಿಯವು. ಒಬ್ಬರದ್ದು ಬುಡದ ಮನೆಗಿಂತ 36 ವೋಲ್ಟು ಮೇಲೆ ಹತ್ತದು ಬರೀ ಲೋಡಿಂದ ಸಾಧ್ಯ ಇಲ್ಲೆ. ಎರಡನೇ ನೆವ ಪಂಪ್‌ಸೆಟ್ಟು, ತೋಟಕ್ಕೆ ನೀರು ಬಿಡ್ತಿ, ಅದಕ್ಕೆ ಹಿಂಗೆ ಹೇಳಿ. ಆದ್ರೆ ತ್ರೀ ಫೇಸ್ ಪಂಪು ಮೂರು ತಂತಿಯಿಂದಲೂ ಸಮನಾಗಿ ಎಳೀತು. ಅದರಿಂದ ಮೂರೂ ಫೇಸು ಸ್ವಲ್ಪ ಇಳೀಗು, ಒಂದು ಇಳಿದು ಇನ್ನೊಂದು ಹಾರ್ತಿಲ್ಲೆ.

ಒಂದು ಇಳಿದು ಇನ್ನೊಂದು ಹಾರಿರೆ ನೋಡವು ನಾಲ್ಕನೇ ತಂತಿನ, ನ್ಯೂಟ್ರಲ್ಲನ್ನ. ಕಂಬದ ಮೇಲೆ ಮೂರು ಫೇಸು, ಒಂದು ನ್ಯೂಟ್ರಲ್ಲು. ಒಂದೊಂದು ಮನೆಗೆ ಒಂದು ಫೇಸು ಕೊಡ್ತ, ವಾಪಸು ಬಪ್ಪ ದಾರಿ ಎಲ್ಲರಿಗೂ ಅದೇ ಒಂದು ನ್ಯೂಟ್ರಲ್ಲು. ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230. ಎರಡು ಫೇಸಿನ ನಡುವೆ ಮಾತ್ರ 400. ನ್ಯೂಟ್ರಲ್ಲು ಗಟ್ಟಿ ಇಪ್ಪಷ್ಟು ದಿನ ನಿಂಗ್ಳ ಮನೆಗೂ ಪಕ್ಕದ ಮನೆಗೂ ಸಂಬಂಧ ಇಲ್ಲೆ. ಅದು ಸಡಿಲಾದ್ರೆ, ವಾಪಸು ದಾರಿ ಸಿಗದ ಕರೆಂಟು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಯೊಳಗೆ ಹೊಕ್ಕಿ ದಾಟಲೆ ನೋಡ್ತು. ಆಗ ಎರಡು ಮನೆ ಸೇರಿ ಆ 400ನ್ನ ಹಂಚಿಕೊಳ್ತ.

ಈ ಹಂಚಿಕೆ ಸಮಪಾಲಲ್ಲ. ಹೆಚ್ಚು ಉರಿಸೋ ಮನೆಗೆ ಕಡಿಮೆ ಪಾಲು, ಕಡಿಮೆ ಉರಿಸೋ ಮನೆಗೆ ಹೆಚ್ಚು ಪಾಲು. ನ್ಯೂಟ್ರಲ್ಲು ಪೂರ್ತಿ ಕಡಿದು, ಒಂದು ಮನೆಲಿ 1000 ವಾಟಿನದ್ದು, ಇನ್ನೊಂದು ಮನೆಲಿ ಬರೀ 100 ವಾಟಿನ ಬಲ್ಬು ಉರೀತಿದ್ರೆ, ಲೆಕ್ಕದ ಪ್ರಕಾರ ಬಲ್ಬಿನ ಮನೆಗೆ 360ಕ್ಕಿಂತ ಹೆಚ್ಚು ವೋಲ್ಟು ಹೋಗ್ತು, ಇನ್ನೊಂದಕ್ಕೆ 40ರ ಒಳಗೆ. ಯಂಗ್ಳದ್ದು ಪೂರ್ತಿ ಕಡಿದಿತ್ತಿಲ್ಲೆ, ಸಡಿಲಾಗಿತ್ತು. ಅದಕ್ಕೇ ಮಧ್ಯಾಹ್ನ ಗೊತ್ತಾಗ್ತಿತ್ತಿಲ್ಲೆ. ಸಂಜೆ ಎಲ್ಲರ ಮನೆಲಿ ಗೀಸರು, ಗ್ರೈಂಡರು ಶುರುವಾಗಿ, ಒಂದು ಫೇಸಿಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಬಿದ್ದಾಗ ಸಡಿಲು ಜಾಯಿಂಟು ತನ್ನ ಗುಣ ತೋರಿಸ್ತಿತ್ತು. ಯಂಗ್ಳ ಫ್ರಿಜ್ಜು ಕಡಿಮೆಗೆ ಸತ್ತತ್ತು, ಅವರ ಬಾಕ್ಸು ಹೆಚ್ಚಿಗೆ ಸತ್ತತ್ತು. ಎರಡಕ್ಕೂ ತಪ್ಪು ಒಂದೇ, ಕಂಬದ ಮೇಲಿನದ್ದು.

ಈಗ ‘ಸ್ಟೆಬಿಲೈಜರ್ ಹಾಕ್ಕೊಳ್ಳಿ’ ಹೇಳೋ ಮಾತಿಗೆ ಬತ್ತಿ. ಸ್ಟೆಬಿಲೈಜರು ಕೆಟ್ಟದ್ದಲ್ಲ. ಕರೆಂಟು ಹೋಗಿ ಬಂದ ಕೂಡಲೆ ಫ್ರಿಜ್ಜು ಶುರುವಾಗದಂಗೆ ಮೂರು ನಾಲ್ಕು ನಿಮಿಷ ತಡೆದು ಬಿಡೋದು ಇದ್ದರೆ ಒಳ್ಳೇದೇ. ಆದ್ರೆ ಅದರ ಮೇಲೆ ಬರೆದ ಮಿತಿ ಒಳಗೆ ಮಾತ್ರ ಅದು ಕೆಲಸ ಮಾಡ್ತು. ನ್ಯೂಟ್ರಲ್ಲು ಪೂರ್ತಿ ಬಿಟ್ಟು 350 ಬಂದ ದಿನ ಸ್ಟೆಬಿಲೈಜರೇ ಮೊದಲು ಹೊಗೆ ಬಿಡ್ತು. ಅದೂ ಅಲ್ಲದೆ, ಮನೆಯ ಒಂದೊಂದು ಸಾಮಾನಿಗೆ ಒಂದೊಂದು ಸ್ಟೆಬಿಲೈಜರು ನಾವು ತರವು, ಕಂಬದ ಮೇಲಿನ ಒಂದು ಜಾಯಿಂಟನ್ನ ಅವು ಬಿಗಿ ಮಾಡದು ಬೇಡ ಹೇಳದು ಯಾವ ನ್ಯಾಯ? ಮನೆಗೆ ಬಪ್ಪ ಕರೆಂಟು 230ಕ್ಕೆ ಶೇಕಡಾ 6ರಷ್ಟು ಮಾತ್ರ ಹೆಚ್ಚು-ಕಡಿಮೆ ಇರ್ಲಕ್ಕು ಹೇಳಿ ನಿಯಮವೇ ಇದ್ದು. ಅಂದ್ರೆ 216ರಿಂದ 244ರ ಒಳಗೆ. ಶೇಕಡಾ 6ರ ಈ ಮಿತಿ 1956ರ ವಿದ್ಯುಚ್ಛಕ್ತಿ ನಿಯಮದ ಕಾಲದಿಂದ ಬಂದದ್ದು, ನಿನ್ನೆ ಮೊನ್ನೆ ಮಾಡಿದ್ದಲ್ಲ. 165 ಮತ್ತೆ 262 ಎರಡೂ ಇದರ ಹೊರಗೆ.

ಕರೆಂಟಿಗೆ ಬರ ಹೇಳೋ ಹಂಗೂ ಇಲ್ಲೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಕಟ್ಟಿದ್ದು ನಮ್ಮ ಜಿಲ್ಲೆಲಿ, ಶರಾವತಿಗೆ ಗೇರುಸೊಪ್ಪೆಲಿ ಕಟ್ಟಿದ್ದೂ ನಮ್ಮ ಜಿಲ್ಲೆಲಿ, ಕೈಗಾ ಅಣು ಸ್ಥಾವರವೂ ಇಲ್ಲೇ. ಊರಿಗೂರೇ ಮುಳುಗಿಸಿ ಕರೆಂಟು ಮಾಡ್ದ. ಕೊರತೆ ಆದದ್ದು ಕೊನೆಯ ನಾಲ್ಕು ಕಂಬದಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬದಿ ಲೈನು ಕಾಡು, ಬೆಟ್ಟ, ತೋಟದ ನಡುವೆ ಹೋಗ್ತು. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ತಂತಿ ಹರಿದಾಗ ಪಾಪ ಲೈನ್‌ಮ್ಯಾನು ಸುರಿಯೋ ಮಳೆಲೇ ಹತ್ತಿ ಕೈಯಲ್ಲಿ ತಿರುಪಿ ಕಟ್ಟಿ ಹೋಗ್ತ. ಆ ಹೊತ್ತಿಗೆ ಅದು ಸರಿಯೇ. ಅವರ ಮೇಲೆ ಯಂಗೆ ಸಿಟ್ಟಿಲ್ಲೆ. ಮಳೆ ಮುಗಿದ ಮೇಲೆ ಬಂದು ಆ ತಿರುಪಿದ ಜಾಗಕ್ಕೆ ಸರಿಯಾದ ಕ್ಲಾಂಪು ಹಾಕದಿದ್ರೆ ಅಲ್ಯೂಮಿನಿಯಂ ತಂತಿ ಮೇಲೆ ಬಿಳಿ ಪುಡಿ ಕೂತು, ಬಿಸಿಯಾಗಿ, ಇನ್ನೂ ಸಡಿಲಾಗ್ತು. ಆ ಎರಡನೇ ಸಲ ಬಪ್ಪ ಕೆಲಸನ ಯಾರೂ ಮಾಡಿಸಿದ್ವಿಲ್ಲೆ. ಯನ್ನ ಸಿಟ್ಟು ಅದರ ಮೇಲೆ.

1912ಕ್ಕೆ ಫೋನ್ ಮಾಡಿ ದೂರಿನ ನಂಬರು ಬರೆದುಕೊಂಡ್ಯ. ಆದ್ರೆ ಫೋನಿಗೆ ಬಪ್ಪದು ‘ಕರೆಂಟು ಇದ್ದಾ ಇಲ್ಯಾ’ ನೋಡಲೆ. ಅವು ಮಧ್ಯಾಹ್ನ ಬಂದ, 224 ಕಂಡ, ‘ಸರಿ ಇದ್ದು’ ಹೇಳಿ ಹೋದ. ಹಂಗಾಗಿ ಪತ್ರನೇ ಬರದಿ. ನಮ್ಮನೆಯವ್ರು ಓದಿ, “ಇದ್ರಲ್ಲಿ ಬೈಗುಳನೇ ಇಲ್ಯಲೇ,” ಹೇಳ್ದ. ಬೈದ್ರೆ ಅವು ಬೈದಿದ್ದಕ್ಕೆ ಉತ್ತರ ಕೊಡ್ತ, ವೋಲ್ಟೇಜಿಗೆ ಕೊಡ್ತ್ವಿಲ್ಲೆ ಹೇಳ್ದಿ. ಪತ್ರ ಹಿಂಗಿತ್ತು:

“ಮಾನ್ಯ ಶಾಖಾಧಿಕಾರಿಗಳಿಗೆ,

ವಿಷಯ: ನ್ಯೂಟ್ರಲ್ ದೋಷದಿಂದ ಪದೇ ಪದೇ ವೋಲ್ಟೇಜ್ ಏರಿಳಿತವಾಗಿ ಫ್ರಿಜ್ ಸುಟ್ಟಿರುವ ಬಗ್ಗೆ.

ನಮ್ಮ ಮನೆಯ ಆರ್‌ಆರ್ ನಂಬರ್ ಮೇಲೆ ಬರೆದಿದೆ. ಈವರೆಗಿನ ಬಿಲ್ಲುಗಳೆಲ್ಲ ಪಾವತಿಯಾಗಿವೆ. ಕಳೆದ ಹತ್ತು ದಿನ ಒಂದೇ ಟಿಸಿಯ ಮೂರು ಮನೆಗಳಲ್ಲಿ ಒಂದೇ ಹೊತ್ತಿಗೆ ಬರೆದಿಟ್ಟ ವೋಲ್ಟೇಜಿನ ಪಟ್ಟಿಯನ್ನು ಲಗತ್ತಿಸಿದ್ದೇನೆ. ಸಂಜೆ 7 ಗಂಟೆಗೆ ಟಿಸಿ ಪಕ್ಕದ ಮನೆಯಲ್ಲಿ 226 ಇರುವಾಗ ನಮ್ಮಲ್ಲಿ 165 ಮತ್ತು ಅದೇ ಲೈನಿನ ಇನ್ನೊಂದು ಮನೆಯಲ್ಲಿ 262 ಇದೆ. ಇದು ಕೇವಲ ಹೆಚ್ಚಿನ ಲೋಡಿನಿಂದ ಆಗುವಂಥದ್ದಲ್ಲ. ನ್ಯೂಟ್ರಲ್ ಸಡಿಲವಾಗಿರುವ ಲಕ್ಷಣ.

ಇದರಿಂದ ನಮ್ಮ ಫ್ರಿಜ್ಜಿನ ಕಂಪ್ರೆಸರ್ ಸುಟ್ಟಿದೆ. ರಿಪೇರಿಯವರ ಬರಹ ಮತ್ತು 7,800 ರೂಪಾಯಿಯ ಅಂದಾಜು ಪಟ್ಟಿಯನ್ನು ಲಗತ್ತಿಸಿದೆ. ದೂರವಾಣಿಯಲ್ಲಿ ಕೊಟ್ಟ ಎರಡು ದೂರುಗಳ ನಂಬರುಗಳನ್ನೂ ಬರೆದಿದ್ದೇನೆ.

ಕೋರಿಕೆ: ಒಂದು, ಸಂಜೆ 7ರಿಂದ 8ರ ಒಳಗೆ ಬಂದು ಮೂರೂ ಮನೆಗಳಲ್ಲಿ ಅಳತೆ ಮಾಡಿ ಬರೆದು ಕೊಡಬೇಕು. ಎರಡು, ಟಿಸಿಯಿಂದ ಕೊನೆಯ ಕಂಬದವರೆಗೆ ನ್ಯೂಟ್ರಲ್ ಜಾಯಿಂಟುಗಳನ್ನೂ ಟಿಸಿಯ ಅರ್ಥಿಂಗನ್ನೂ ಪರೀಕ್ಷಿಸಿ ಸರಿಪಡಿಸಬೇಕು. ಮೂರು, ರಿಪೇರಿ ವೆಚ್ಚವನ್ನು ಭರಿಸಬೇಕು. ಭರಿಸಲಾಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.”

ಎರಡು ಪ್ರತಿ ತಗಂಡು ಹೋಗಿ, ಒಂದಕ್ಕೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡು ಬಂದಿ. ಮೊದಲು “ಇಟ್ಟು ಹೋಗಿ, ನೋಡ್ತೇವೆ” ಹೇಳ್ದ. ಸೀಲು ಬೀಳುವವರೆಗೂ ಬೆಂಚಿನ ಮೇಲೆ ಕೂತಿದ್ದಿ.

ಈ ಪತ್ರದಲ್ಲಿ ಮೂರನೇ ಕೋರಿಕೆಗಿಂತ ಮೊದಲನೆಯದೇ ಹೆಚ್ಚು ಕೆಲಸ ಮಾಡ್ಚು. ‘ಸಂಜೆ 7ಕ್ಕೆ ಬನ್ನಿ’ ಹೇಳಿ ಬರೆದ ಮೇಲೆ ಮಧ್ಯಾಹ್ನ ಬಂದು ನೋಡಿ ಹೋಪಲೆ ಆಯ್ದಿಲ್ಲೆ. ಮೂರನೇ ದಿನ ಸಂಜೆ ಬಂದ, ಅವರ ಮೀಟರಲ್ಲೂ ಅಂಥದ್ದೇ ಅಂಕೆ ಕಂಡತ್ತು. ಮಾರನೇ ದಿನ ಬೆಳಗ್ಗೆ ಲೈನು ತೆಗೆದು ಹತ್ತಿ ನೋಡಿರೆ, ಟಿಸಿಯಿಂದ ನಾಲ್ಕನೇ ಕಂಬದಲ್ಲಿ ಹಿಂದಿನ ಮಳೆಗಾಲದಲ್ಲಿ ತಿರುಪಿ ಕಟ್ಟಿದ ನ್ಯೂಟ್ರಲ್ ಜಾಯಿಂಟು ಕಪ್ಪಾಗಿ ಕೂತಿತ್ತು. ಅದನ್ನ ಕಡಿದು ಹೊಸ ಕ್ಲಾಂಪು ಹಾಕ್ದ. ಆವತ್ತು ಸಂಜೆ 7ಕ್ಕೆ ಮೂರು ಮನೆಯ ಅಂಕೆ 225, 219, 223. ಅರ್ಧ ದಿನದ ಕೆಲಸ. ಅದೇ ಸಂಜೆ, ಅದೇ ಮಿಕ್ಸಿ, ಅದೇ ಪಂಪು. ಲೋಡು ಒಂದು ಚೂರೂ ಕಡಿಮೆ ಆಗಿತ್ತಿಲ್ಲೆ! ಸರಿ ಮಾಡಿದ ಮೇಲಿನ ಅಂಕೆನೂ ಬರೆದಿಡಿ. ತಪ್ಪು ಎಲ್ಲಿತ್ತು ಹೇಳದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲೆ.

ದುಡ್ಡಿನ ವಿಷಯ ಬೇರೆ. “ಅದೆಲ್ಲ ಕೊಡೋ ಪದ್ಧತಿ ಇಲ್ಲ” ಹೇಳಿ ಬಾಯಲ್ಲಿ ಹೇಳ್ದ, ಬರೆದು ಕೊಟ್ಟಿದ್ವಿಲ್ಲೆ. ಇಲ್ಲಿ ಒಂದು ವ್ಯತ್ಯಾಸ ತಿಳ್ಕಳವು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಂ ಪ್ರಕಾರ ಸೇವೆಯ ಗುಣಮಟ್ಟ ತಪ್ಪಿದ್ರೆ ಗ್ರಾಹಕರಿಗೆ ಪರಿಹಾರ ಕೊಡವು. ಅದರ ದರ ಗೊತ್ತು ಮಾಡದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅದು ಸೇವೆ ತಪ್ಪಿದ್ದಕ್ಕೆ ಸಿಗೋ ದುಡ್ಡು, ಫ್ರಿಜ್ಜಿನ ರಿಪೇರಿಯ ಲೆಕ್ಕ ಅಲ್ಲ. ಫ್ರಿಜ್ಜಿನ ನಷ್ಟ ಬೇಕಾದ್ರೆ ಅವರ ತಪ್ಪಿಂದಲೇ ಇದು ಸುಟ್ಟಿದ್ದು ಹೇಳಿ ನಾವೇ ತೋರಿಸವು. ಆ ಹುಡುಗನ ಚೀಟಿ ಬೇಕಾದ್ದು ಇಲ್ಲಿ. ‘ಫ್ರಿಜ್ಜು ಹಾಳಾಗಿದೆ’ ಹೇಳಿ ಬರೆದಿದ್ರೆ ಏನೂ ಪ್ರಯೋಜನ ಇತ್ತಿಲ್ಲೆ. ‘ವೈಂಡಿಂಗು ಸುಟ್ಟಿದೆ, ಕಡಿಮೆ ವೋಲ್ಟೇಜಿನ ಲಕ್ಷಣ’ ಹೇಳಿ ಇಪ್ಪದಕ್ಕೇ ಅದು 165ರ ಪಟ್ಟಿಗೆ ಕೂಡ್ತು. ಬಲ್ಬು ಸುಟ್ಟವರ ಮನೆಲಿ ಬೋರ್ಡು ಸುಟ್ಟಿದ್ದು ಹೇಳಿ ಬರೆಸಿದ್ದ, ಅದು 262ಕ್ಕೆ ಕೂಡ್ತು. ಯಂಗ್ಳ ಫ್ರಿಜ್ಜು ಆರು ವರ್ಷದ್ದು. ಹೊಸದರ ಬೆಲೆ ಕೇಳಿದ್ನಿಲ್ಲೆ, ರಿಪೇರಿ ಖರ್ಚಷ್ಟೇ ಕೇಳಿದ್ದಿ. ಹೆಚ್ಚು ಕೇಳಿರೆ ಇಡೀ ಪತ್ರವೇ ಹಗುರಾಗ್ತು.

ಮುಂದಿನ ದಾರಿ ಎರಡು ಇದ್ದು. ಅದೇ ಕಾಯ್ದೆಯ 42ನೇ ಕಲಂ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್. ಇನ್ನೊಂದು ಜಿಲ್ಲಾ ಗ್ರಾಹಕರ ಆಯೋಗ. ಸೇವೆಯ ಕೊರತೆ ಬಗ್ಗೆ ಕರೆಂಟು ಗ್ರಾಹಕರು ಅಲ್ಲಿಗೆ ಹೋಪಲಾಗ್ತು ಹೇಳಿ 2013ರಲ್ಲಿ ಸುಪ್ರೀಂ ಕೋರ್ಟು ಅನೀಸ್ ಅಹ್ಮದ್ ಪ್ರಕರಣದಲ್ಲಿ ಹೇಳಿದ್ದು. ಅಕ್ರಮವಾಗಿ ಕರೆಂಟು ಉರಿಸಿದ್ದಕ್ಕೆ ಹಾಕಿದ ಬಿಲ್ಲಿನ ತಕರಾರಿಗೆ ಮಾತ್ರ ಆ ಬಾಗಿಲು ಇಲ್ಲೆ. ಘಟನೆ ಆಗಿ ಎರಡು ವರ್ಷದ ಒಳಗೆ ಹೋಗವು. ಯಂಗ ಮೊದಲು ವೇದಿಕೆಗೆ ಅರ್ಜಿ ಹಾಕಿದ್ಯ. 7,800 ಬತ್ತಾ ಬತ್ತಿಲ್ಯಾ, ಅದನ್ನ ಅವರ ತೀರ್ಮಾನ ಬಂದ ಮೇಲೆ ಬರೀತಿ. ಬಾಯಲ್ಲಿ ಹೇಳಿದ ‘ಪದ್ಧತಿ ಇಲ್ಲ’ವನ್ನ ಮಾತ್ರ ಆನು ಉತ್ತರ ಹೇಳಿ ಒಪ್ಪತ್ನಿಲ್ಲೆ.

ಕಡೆಗೆ ಒಂದೇ ಮಾತು ಜೀವದ ವಿಷಯ. ಇದ್ದಕ್ಕಿದ್ದಂಗೆ ಬಲ್ಬು ಬೆಳ್ಳಗೆ ಹೊಳೆದ್ರೆ, ಇಲ್ಲಾ ಒಂದು ಸ್ವಿಚ್ಚು ಹಾಕಿದ ಕೂಡಲೆ ಬೇರೆ ಕೋಣೆಯ ದೀಪ ಏರಿಳಿದ್ರೆ ಮೊದಲು ಮೇನ್ ಸ್ವಿಚ್ಚು ತೆಗೀರಿ, ಆಮೇಲೆ ಫೋನು. ಮಾಣಿಗೆ ಕಂಬ ಹತ್ತಲೆ, ಕೋಲಲ್ಲಿ ತಂತಿ ತಟ್ಟಲೆ ಬಿಡಡಿ. ಅಳತೆ ಮಾಡದು ಮನೆಯ ಪ್ಲಗ್ಗಲ್ಲಿ ಮಾತ್ರ. ನಿಂಗ್ಳ ಊರಲ್ಲೂ ಒಬ್ಬರಿಗೆ ಮಂಕು, ಒಬ್ಬರಿಗೆ ಝಗಮಗ ಇದ್ರೆ, ಬೇರೆ ಬೇರೆಯಾಗಿ ಬೈದುಕೊಳ್ಳದು ಬಿಟ್ಟು ಮೂರು ಮನೆಯವರು ಸೇರಿ ಒಂದೇ ಹೊತ್ತಿನ ಅಂಕೆ ಬರೆಯಿರಿ. ಒಂದು ಮನೆಯ ಅಂಕೆಗೆ ಅವು ‘ಲೋಡು’ ಹೇಳಿಬಿಡ್ಗು. ಮೂರು ಮನೆಯ ಅಂಕೆ ಪಕ್ಕ ಪಕ್ಕ ಇಟ್ರೆ ಹಂಗೆ ಹೇಳಲೆ ಬತ್ತಿಲ್ಲೆ.